"ಯಾರಿಗೂ ಹೇಳಲ್ಲ" ಅಂತ ಮಾತು ಕೊಡುವ ಮುಂಚೆ

*ಮ್ಯಾನೇಜರ್ ಕೆಟ್ಟದಾಗಿ ಮೆಸೇಜ್ ಕಳಿಸ್ತಾನೆ, ಮೈ ಮುಟ್ಟೋಕೆ ಬರ್ತಾನೆ ಅಂತ ಜೊತೆಗೆ ಕೆಲಸ ಮಾಡುವ ಹುಡುಗಿ ಹೇಳಿಕೊಂಡಳು. ಯಾರಿಗೂ ಹೇಳಬೇಡ ಅಂದಿದ್ದಾಳೆ. ನಾನೇನು ಮಾಡಲಿ?*

ಕೆಲವು ವರ್ಷಗಳ ಹಿಂದೆ ನನ್ನ ಗೆಳತಿಯೂ ಆಫೀಸಿನ ಮೆಟ್ಟಿಲ ಮೇಲೆ ಕೂತು ಹೀಗೇ ಹೇಳಿಕೊಂಡಿದ್ದಳು. ನಾನು ಮೊದಲು ಕೇಳಿದ್ದು, "ಆವತ್ತೇ ಯಾಕೆ ಬೈಯಲಿಲ್ಲ?" ಅಂತ. ಅವಳು ಅಲ್ಲಿಗೇ ಸುಮ್ಮನಾದಳು. ನನ್ನ ಪ್ರಶ್ನೆ ಅವಳ ಕಿವಿಗೆ "ತಪ್ಪು ನಿನ್ನದೂ ಇದೆ" ಅಂತ ಬಿದ್ದಿತ್ತು. ಅದಕ್ಕೇ ಹೇಳ್ತೀನಿ, "ಯಾಕೆ" ಅನ್ನೋ ಪದವನ್ನೇ ಬಿಟ್ಟುಬಿಡಿ. "ನೀನು ಹೇಳಿದ್ದು ಒಳ್ಳೇದಾಯ್ತು. ಈಗ ನಿನಗೆ ಏನು ಬೇಕು ಅನ್ಸುತ್ತೆ?" ಅಂದರೆ ಸಾಕು.

ಅವಳನ್ನು ಸಮಾಧಾನ ಮಾಡೋಕೆ "ದೇವರಾಣೆ ಯಾರಿಗೂ ಹೇಳಲ್ಲ" ಅಂತಲೂ ಅಂದುಬಿಟ್ಟೆ. ಸ್ವಲ್ಪ ದಿನದಲ್ಲಿ ಅದೇ ಮನುಷ್ಯನ ಮೇಲೆ ಇನ್ನೊಬ್ಬಳು ದೂರು ಕೊಟ್ಟಳು. ಆ ದೂರು ವಿಚಾರಿಸುತ್ತಿದ್ದ ಆಫೀಸಿನ ಸಮಿತಿಯವರು ನನ್ನನ್ನೂ ಕರೆದು ಕೇಳಿದರು. ಸುಳ್ಳು ಹೇಳಲಾಗಲಿಲ್ಲ. ಗೆಳತಿಗೆ ಅದು ದ್ರೋಹ ಅನ್ನಿಸಿತು. ಅವಳ ನೋವು ಸರಿಯಾದದ್ದೇ, ಉಳಿಸಿಕೊಳ್ಳಲಾಗದ ಮಾತು ಕೊಟ್ಟವಳು ನಾನು. ಹಾಗಾಗಿ ನೀವು ಈಗಲೇ ಹೇಳಿಬಿಡಿ: "ನಿನ್ನನ್ನು ಕೇಳದೆ ನಾನಾಗಿ ಎಲ್ಲೂ ಬಾಯಿ ಬಿಡಲ್ಲ. ಆದರೆ ನಿನ್ನ ಜೀವಕ್ಕೆ ಅಪಾಯ ಅನ್ನಿಸಿದರೆ, ಅಥವಾ ವಿಚಾರಣೆಯಲ್ಲಿ ನನ್ನನ್ನು ಕೇಳಿದರೆ, ಸುಮ್ಮನಿರೋಕೆ ಆಗಲ್ಲ." ನೀವು ಟೀಂ ಲೀಡ್ ಆಗಿದ್ದರೆ, ಇಂಥದ್ದು ಗೊತ್ತಾದಾಗ ತಿಳಿಸಲೇಬೇಕು ಅನ್ನೋ ನಿಯಮ ಕಂಪನಿಯಲ್ಲಿ ಇರಬಹುದು. ಅದನ್ನು ಮೊದಲೇ ನೋಡಿಕೊಳ್ಳಿ.

ಅವಳಿಗೆ ಒಂದು ವಿಷಯ ಮಾತ್ರ ಬೇಗ ತಿಳಿಸಿ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ಆಗುವ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ ಪ್ರಕಾರ ಘಟನೆ ನಡೆದ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಪದೇ ಪದೇ ನಡೆದಿದ್ದರೆ ಕೊನೆಯ ಘಟನೆಯಿಂದ ಲೆಕ್ಕ. ತಡವಾದದ್ದಕ್ಕೆ ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. "ಯೋಚನೆ ಮಾಡ್ತೀನಿ" ಅನ್ನುವಷ್ಟರಲ್ಲೇ ಈ ದಿನಗಳು ಕಳೆದುಹೋಗುತ್ತವೆ. ದೂರು ಕೊಡಲಿ ಬಿಡಲಿ, ಮೆಸೇಜ್‌ಗಳನ್ನು ಅಳಿಸಬಾರದು. ನಡೆದದ್ದನ್ನು ದಿನಾಂಕದ ಸಮೇತ ಬರೆದಿಟ್ಟುಕೊಳ್ಳಲಿ. ಅಸಹ್ಯ ತಾಳಲಾರದೆ ನನ್ನ ಗೆಳತಿ ಚಾಟ್ ಪೂರ್ತಿ ಅಳಿಸಿದ್ದಳು.

10 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು. ಜನ ಕಡಿಮೆ ಇದ್ದರೆ, ಇಲ್ಲವೇ ದೂರು ಮಾಲೀಕನ ಮೇಲೆಯೇ ಆಗಿದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು. ಪೊಲೀಸರ ದಾರಿಯೂ ಇದೆ. "ದೂರು ಕೊಟ್ಟ ಮೇಲೂ ಅವನ ಎದುರಲ್ಲೇ ಕೂರಬೇಕಲ್ವಾ?" ಅನ್ನೋ ಭಯ ಜಾಸ್ತಿ ಇರುತ್ತೆ. ವಿಚಾರಣೆ ನಡೆಯುವಾಗ ತನ್ನನ್ನೋ ಅವನನ್ನೋ ಬೇರೆ ಕಡೆಗೆ ವರ್ಗ ಮಾಡಿ ಅಂತ, ಅಥವಾ 3 ತಿಂಗಳವರೆಗೆ ರಜೆ ಕೊಡಿ ಅಂತ ಅವಳು ಬರೆದು ಕೇಳಬಹುದು. ಆ ರಜೆ ಅವಳ ಮಾಮೂಲಿ ರಜೆಯಲ್ಲಿ ಕಳೆಯಲ್ಲ. ಸಾಬೀತಾಗಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಅದನ್ನು ಸುಳ್ಳು ದೂರು ಅನ್ನುವಂತಿಲ್ಲ.

ಯಾವ ದಾರಿ ಅನ್ನೋದನ್ನು ಅವಳೇ ತೀರ್ಮಾನಿಸಲಿ. ಅವಳ ಪರವಾಗಿ ಎಚ್‌ಆರ್ ಹತ್ತಿರ ಓಡಬೇಡಿ, ಅವನನ್ನು ಹೋಗಿ ತರಾಟೆಗೆ ತೆಗೆದುಕೊಳ್ಳಬೇಡಿ. ನಾಳೆ ಅವಳು ಸಿಕ್ಕಾಗ ಕೊನೆಯ ಘಟನೆ ಯಾವತ್ತು ನಡೆಯಿತು ಅಂತ ಮೆಲ್ಲಗೆ ಕೇಳಿ, ಕ್ಯಾಲೆಂಡರ್‌ನಲ್ಲಿ ಅಲ್ಲಿಂದ ಮೂರು ತಿಂಗಳು ಇಬ್ಬರೂ ಕೂತು ಎಣಿಸಿ.