ಮಣ್ಣಿನ ಭಾರ 3 ಬಾರ್, ಯಂತ್ರದ ಒತ್ತಡ 1.8 ಬಾರ್: ಯಾವ ಲೆಕ್ಕ ಸರಿ?

ಪ್ರಶ್ನೆ: ನಾನು ಅಗೆದ ಮಣ್ಣಿನ ಒತ್ತಡದಿಂದಲೇ ಎದುರಿನ ಮಣ್ಣನ್ನು ತಡೆಯುತ್ತಾ ಸುರಂಗ ಕೊರೆಯುವ ಇಪಿಬಿ ಯಂತ್ರದಲ್ಲಿ ಪಾಳಿ ಎಂಜಿನಿಯರ್. ಯಂತ್ರದ ವ್ಯಾಸ 6.6 ಮೀಟರ್, ನೆತ್ತಿಯ ಮೇಲೆ 12 ಮೀಟರ್ ಮಣ್ಣು, ಎಲ್ಲವೂ ಮರಳು, ನೀರು ಸಿಗುವುದು 3 ಮೀಟರ್ ಆಳದಲ್ಲಿ. ಸುರಂಗದ ನಡುಮಟ್ಟದಲ್ಲಿ ಮೇಲಿನ ಭಾರ 3 ಬಾರ್ ಆಗುತ್ತದೆ. ಸುರಂಗದ ಒಳಗೋಡೆಯ ಕಾಂಕ್ರೀಟ್ ಸೆಗ್ಮೆಂಟುಗಳನ್ನು ಅಷ್ಟಕ್ಕೂ ಲೆಕ್ಕ ಹಾಕಿದ್ದಾರೆ. ಆದರೆ ನಮಗೆ ಕೊರೆಯುವ ಮುಖದ ಮೇಲೆ ಒತ್ತಡ 1.8 ಬಾರ್ ಸಾಕು ಅಂತಾರೆ. ಒಂದೇ ಮಣ್ಣಿಗೆ ಎರಡು ಲೆಕ್ಕ ಹೇಗೆ? ಇನ್ನೊಂದು: ಹೋದ ವಾರ ಮೇಲಿನ ಸೆನ್ಸರ್ ಸರಿಯಾಗಿ 1.3 ತೋರಿಸುತ್ತಿದ್ದಾಗಲೇ ಒಂದು ಕಡೆ ನೆಲ 40 ಮಿಲಿಮೀಟರ್ ಇಳಿಯಿತು. ಏಕೆ?

ಉತ್ತರ: ಎರಡೂ ಲೆಕ್ಕ ಸರಿ. ನಿಮ್ಮ 3 ಬಾರ್‌ನಲ್ಲಿ ನೀರು ಮತ್ತು ಮರಳು ಎರಡರ ಪಾಲೂ ಸೇರಿಕೊಂಡಿದೆ. ಅವನ್ನು ಬೇರೆ ಮಾಡಿದರೆ ಗೊಂದಲ ಅರ್ಧ ಕಳೆಯುತ್ತದೆ.

ನೀರಿನ ಮಟ್ಟದ ಮೇಲಿರುವ ಮರಳಿಗೆ ಘನಮೀಟರಿಗೆ 18 ಕಿಲೋನ್ಯೂಟನ್, ಕೆಳಗಿನದಕ್ಕೆ 20 ಎಂದು ಹಿಡಿಯೋಣ. ನಡುಮಟ್ಟ 15.3 ಮೀಟರ್ ಆಳದಲ್ಲಿದೆ. ಅಲ್ಲಿ ಒಟ್ಟು ಭಾರ 300 ಕಿಲೋಪ್ಯಾಸ್ಕಲ್, ಅಂದರೆ ನಿಮ್ಮ 3 ಬಾರ್. ಅದರಲ್ಲಿ ನೀರಿನ ಒತ್ತಡವೇ 123. ಉಳಿದ 177 ಮಾತ್ರ ಮರಳಿನ ಕಣಗಳು ಒಂದರ ಮೇಲೊಂದು ಹೊರುತ್ತಿರುವ ಭಾರ.

ನೀರಿನ ಜೊತೆ ಚೌಕಾಶಿ ನಡೆಯುವುದಿಲ್ಲ. ಅದು ಎಲ್ಲ ದಿಕ್ಕಿಗೂ ಪೂರ್ತಿ ಒತ್ತುತ್ತದೆ, ಹಾಗಾಗಿ ಆ 123 ಅನ್ನು, ಮುಂದೆ ತಿರುಗುತ್ತಾ ಕೊರೆಯುವ ಕಟರ್‌ಹೆಡ್ಡಿನ ಹಿಂದೆ ಅಗೆದ ಮಣ್ಣು ತುಂಬಿರುವ ಚೇಂಬರ್ ಹಾಗೆಯೇ ಹೊರಬೇಕು. ಕಣಗಳ ಮಾತು ಬೇರೆ. ಅವು ಪಕ್ಕದ ಕಣಕ್ಕೆ ಭಾರ ದಾಟಿಸುತ್ತವೆ. ಕಾಳು ತುಂಬಿದ ಎತ್ತರದ ಕಣಜದ ತಳದ ಮೇಲೆ ಎಲ್ಲ ಕಾಳಿನ ಭಾರವೂ ಬೀಳುವುದಿಲ್ಲ, ಬಹುಪಾಲು ಗೋಡೆಗೆ ಉಜ್ಜಿ ಗೋಡೆಯ ಮೇಲೇ ನಿಲ್ಲುತ್ತದೆ. ಜಾನ್ಸೆನ್ ಎಂಬ ಜರ್ಮನ್ ಎಂಜಿನಿಯರ್ ಇದನ್ನು 1895ರಲ್ಲೇ ಸೂತ್ರಕ್ಕೆ ಇಳಿಸಿದ್ದರು. 1961ರಲ್ಲಿ ಹಾರ್ನ್ ಅದನ್ನು ಸುರಂಗದ ಮುಖಕ್ಕೆ ತಂದರು: ಕಟರ್‌ಹೆಡ್ ಎದುರು ಜಾರಲು ಸಿದ್ಧವಾದ ಒಂದು ಬೆಣೆ, ಅದರ ತಲೆಯ ಮೇಲೆ ನೆಲದವರೆಗೂ ನಿಂತ ಮಣ್ಣಿನ ಒಂದು ಕಣಜ. ಇಂದಿಗೂ ಮುಖದ ಲೆಕ್ಕಗಳಲ್ಲಿ ಹೆಚ್ಚಿನವು ಇದೇ ಚಿತ್ರದ ಮೇಲೆ ನಿಂತಿವೆ.

ಘರ್ಷಣಾ ಕೋನ 34 ಡಿಗ್ರಿ ಇರುವ, ಅಂಟು ಏನೂ ಇಲ್ಲದ ಮರಳಿಗೆ ನಿಮ್ಮ ವ್ಯಾಸದಲ್ಲಿ ಈ ಬೆಣೆಯನ್ನು ತಡೆಯಲು ನೀರಿನ ಒತ್ತಡದ ಮೇಲೆ ಎಷ್ಟು ಬೇಕು ಗೊತ್ತೇ? ಸೂತ್ರದಿಂದ ಸೂತ್ರಕ್ಕೆ ಸ್ವಲ್ಪ ವ್ಯತ್ಯಾಸವಿದೆ, ಆದರೂ ಹತ್ತು ಹದಿನೈದು ಕಿಲೋಪ್ಯಾಸ್ಕಲ್ ಆಸುಪಾಸು. 13 ಎಂದು ಇಟ್ಟುಕೊಳ್ಳಿ. ಹೊರಬೇಕಾದ 177ರಲ್ಲಿ ಮುಖದ ಪಾಲಿಗೆ ಬರುವುದು ಇಷ್ಟೇ. ಮೊದಲ ಸಲ ಈ ಲೆಕ್ಕ ಮಾಡಿದಾಗ ನಾನು ದಶಮಾಂಶ ಬಿಂದು ತಪ್ಪಿಟ್ಟಿದ್ದೇನೆ ಎಂದುಕೊಂಡು ಎರಡು ಬಾರಿ ತಿದ್ದಿ ನೋಡಿದ್ದೆ.

ಅಂದರೆ ಮುಖ ಕುಸಿಯುವ ಅಂಚು ಸುಮಾರು 136 ಕಿಲೋಪ್ಯಾಸ್ಕಲ್. ಆ ಅಂಚಿನಲ್ಲಿ ಯಾರೂ ಯಂತ್ರ ಓಡಿಸುವುದಿಲ್ಲ. ಜರ್ಮನ್ ಪದ್ಧತಿಯಲ್ಲಿ ನೀರಿನ ಪಾಲನ್ನು 1.05ರಿಂದ, ಮಣ್ಣಿನ ಪಾಲನ್ನು 1.5ರಿಂದ ಗುಣಿಸುತ್ತಾರೆ. ಇಲ್ಲಿ 129 ಮತ್ತು 20, ಒಟ್ಟು 149 ಆಯಿತು. ಅದರ ಮೇಲೆ ಒತ್ತಡದ ಏರಿಳಿತಕ್ಕೆಂದು ಮೀಸಲು ಕೂಡಿಸುತ್ತಾರೆ. ಮುಖವನ್ನು ಕೆಸರುನೀರಿನಿಂದ ತಡೆಯುವ ಸ್ಲರಿ ಯಂತ್ರಕ್ಕೆ 10 ಕಿಲೋಪ್ಯಾಸ್ಕಲ್ ಸಾಕು, ಏಕೆಂದರೆ ಅಲ್ಲಿ ಗಾಳಿಯ ಗುಳ್ಳೆ ಒತ್ತಡವನ್ನು ನಯವಾಗಿ ಹಿಡಿದಿಡುತ್ತದೆ. ಇಪಿಬಿಯಲ್ಲಿ ಒತ್ತಡ ನಿಲ್ಲುವುದು ಚೇಂಬರಿನಿಂದ ಮಣ್ಣನ್ನು ಸ್ಕ್ರೂ ಹೊರಗೆ ಎಳೆಯುವ ವೇಗಕ್ಕೂ ಯಂತ್ರ ಮುನ್ನುಗ್ಗುವ ವೇಗಕ್ಕೂ ನಡುವಿನ ಹೊಂದಾಣಿಕೆಯ ಮೇಲೆ, ಹಾಗಾಗಿ 30. ಎಲ್ಲ ಸೇರಿ 179. ನಿಮಗೆ ಹೇಳಿದ 1.8 ಬಾರ್ ಇದೇ ಇರಬೇಕು.

ಮೇಲಿನ ಮಿತಿಯೂ ಒಂದಿದೆ: ನೆತ್ತಿಯಲ್ಲಿನ ಒತ್ತಡ ಅಲ್ಲಿನ ಮಣ್ಣಿನ ಭಾರದ ಶೇ 90 ಮೀರಬಾರದು, ಮೀರಿದರೆ ನೆಲವೇ ಎದ್ದೀತು. ನಿಮ್ಮಲ್ಲಿ ಅದು 210 ಕಿಲೋಪ್ಯಾಸ್ಕಲ್, ತುಂಬಾ ದೂರ. ನದಿಯ ಕೆಳಗೆ ಮಣ್ಣಿನ ಹೊದಿಕೆ ತೆಳುವಾದಾಗ ಎರಡು ಮಿತಿಗಳೂ ಹತ್ತಿರ ಬಂದು ಇಕ್ಕಟ್ಟಾಗುತ್ತದೆ. ನೆದರ್ಲೆಂಡಿನ ಎರಡನೇ ಹೈನೆನೋರ್ಡ್ ಸುರಂಗದಲ್ಲಿ 1997ರಲ್ಲಿ ಸ್ಲರಿ ನದಿತಳವನ್ನು ಸೀಳಿಕೊಂಡು ಹೊರಬಂದದ್ದು ಈ ಮಿತಿಯ ಪಾಠ. ಜೇಡಿಯಲ್ಲಿ ಇಡೀ ಲೆಕ್ಕವೇ ಬೇರೆ, ಅದನ್ನು ಇಲ್ಲಿ ಎಳೆಯುವುದಿಲ್ಲ.

ಈಗ ಇಳಿದ ನೆಲದ ವಿಚಾರ. ನೀವು ಬರೆದಷ್ಟರಿಂದ ಖಚಿತವಾಗಿ ಹೇಳಲಾರೆ, ಆದರೆ ನನ್ನ ಮೊದಲ ಅನುಮಾನ ಚೇಂಬರಿನ ಮೇಲ್ಭಾಗದಲ್ಲಿ ಸೇರಿಕೊಂಡ ಗಾಳಿಯ ಮೇಲೆ. ಸೆನ್ಸರ್ ಒತ್ತಡವನ್ನು ಅಳೆಯುತ್ತದೆ, ಒತ್ತುತ್ತಿರುವುದು ಏನು ಎಂಬುದು ಅದಕ್ಕೆ ತಿಳಿಯದು. ಸ್ಕ್ರೂ ಅಗತ್ಯಕ್ಕಿಂತ ಜೋರಾಗಿ ಎಳೆದರೆ ಚೇಂಬರಿನಲ್ಲಿ ಮಣ್ಣು ಇಳಿಯುತ್ತದೆ. ಆ ಜಾಗವನ್ನು, ಮಣ್ಣನ್ನು ಮೆದುಗೊಳಿಸಲು ಬಿಡುವ ಫೋಮ್‌ನಿಂದ ಬಿಟ್ಟುಹೋದ ಗಾಳಿ ತುಂಬುತ್ತದೆ. ಫೋಮ್ ಹೋಗುತ್ತಲೇ ಇರುವುದರಿಂದ ಒತ್ತಡ ಇಳಿಯುವುದಿಲ್ಲ, ಪರದೆಯ ಮೇಲೆ 1.3 ಹಾಗೇ ಇರುತ್ತದೆ.

ಇದನ್ನು ಹಿಡಿಯುವುದು ಒಂದು ಸೆನ್ಸರಿನಿಂದಲ್ಲ, ಮೇಲೆ ಕೆಳಗಿರುವ ಎರಡರ ನಡುವಿನ ವ್ಯತ್ಯಾಸದಿಂದ. ಫೋಮ್ ಬೆರೆತ ಒಳ್ಳೆಯ ಮಣ್ಣು ಘನಮೀಟರಿಗೆ 14 ಕಿಲೋನ್ಯೂಟನ್ ತೂಗುತ್ತದೆ ಎಂದುಕೊಂಡರೆ, 2 ಮೀಟರ್ ಅಂತರದ ಎರಡು ಸೆನ್ಸರುಗಳ ನಡುವೆ 0.28 ಬಾರ್ ವ್ಯತ್ಯಾಸ ಇರಬೇಕು. ಆ ದಿನದ ದಾಖಲೆ ತೆಗೆದು ನೋಡಿ. ಎರಡೂ ಹೆಚ್ಚು ಕಡಿಮೆ ಒಂದೇ ಅಂಕಿ ತೋರಿಸುತ್ತಿದ್ದರೆ ಅವುಗಳ ನಡುವೆ ಇದ್ದದ್ದು ಮಣ್ಣಲ್ಲ.

ಇದರಿಂದ ಏನು ಹೋಯಿತು ಎಂಬುದನ್ನೂ ಲೆಕ್ಕ ಹಾಕಬಹುದು. ಚೇಂಬರ್ ತುಂಬಿದ್ದರೆ ನೆತ್ತಿಯಲ್ಲಿ 1.33, 3.3 ಮೀಟರ್ ಕೆಳಗೆ ನಡುಮಟ್ಟದಲ್ಲಿ 1.79. ಮೇಲಿನ 2 ಮೀಟರ್ ಗಾಳಿಯಾದರೆ ಆ 2 ಮೀಟರಿನಲ್ಲಿ ಒತ್ತಡ ಏರುವುದೇ ಇಲ್ಲ, ನಡುಮಟ್ಟದಲ್ಲಿ ಸಿಗುವುದು 1.51 ಮಾತ್ರ. ಏರಿಳಿತಕ್ಕೆಂದು ಇಟ್ಟಿದ್ದ 30 ಕಿಲೋಪ್ಯಾಸ್ಕಲ್ ಹೆಚ್ಚು ಕಡಿಮೆ ಪೂರ್ತಿ ಖರ್ಚಾಯಿತು, ಪರದೆಯಲ್ಲಿ ಮೇಲಿನ ಅಂಕಿ ಕದಲಲಿಲ್ಲ. ಸೆಗ್ಮೆಂಟುಗಳ ರಿಂಗ್ ಕೂರಿಸಲು ಯಂತ್ರ ನಿಂತಾಗ ಆ ಗಾಳಿ ಮರಳಿನ ರಂಧ್ರಗಳಲ್ಲಿ ನುಸುಳಿ ಹೋಗುತ್ತದೆ, ಒತ್ತಡ ಇನ್ನೂ ಜಾರುತ್ತದೆ. ನೀರಿನ ಒತ್ತಡಕ್ಕಿಂತ ಕೆಳಗೆ ಹೋದ ಗಳಿಗೆಯಲ್ಲಿ ನೀರು ಚೇಂಬರಿನೊಳಕ್ಕೆ ಹರಿಯತೊಡಗುತ್ತದೆ, ಹರಿಯುವಾಗ ಕಣಗಳನ್ನೂ ಎಳೆದು ತರುತ್ತದೆ. ಆಗ ಮೇಲೆ ಹೇಳಿದ ಆ 13ರ ಲೆಕ್ಕಕ್ಕೆ ಅರ್ಥ ಉಳಿಯುವುದಿಲ್ಲ.

ಎರಡನೇ ಸಾಕ್ಷಿ ಕನ್ವೇಯರ್ ತಕ್ಕಡಿ. 1.5 ಮೀಟರಿನ ಒಂದು ರಿಂಗಿಗೆ ನೀವು ಕತ್ತರಿಸುವುದು 51.3 ಘನಮೀಟರ್, ತೂಕದಲ್ಲಿ ಸುಮಾರು 105 ಟನ್. ಅದಕ್ಕೆ ಒಳಗೆ ಬಿಟ್ಟ ಫೋಮ್ ದ್ರವ, ನೀರು ಎಷ್ಟೋ ಅದನ್ನು ಸೇರಿಸಿ. ಹೀಗೆ ಸೇರಿಸಿದ ಮೇಲೂ 7 ಟನ್ ಹೆಚ್ಚು ಬಂದಿದ್ದರೆ ಮೂರೂವರೆ ಘನಮೀಟರ್ ಮರಳು ಬರಬೇಕಾದ್ದಕ್ಕಿಂತ ಹೆಚ್ಚಾಗಿ ಒಳಗೆ ಬಂದಿದೆ. ತಕ್ಕಡಿಯ ತಪ್ಪೇ ಕೆಲವು ಶೇಕಡಾ ಇರುವುದರಿಂದ ಒಂದು ರಿಂಗ್ ನೋಡಿ ತೀರ್ಪು ಕೊಡಬೇಡಿ. ಐದಾರು ರಿಂಗ್‌ಗಳ ಮೊತ್ತ ಒಂದೇ ದಿಕ್ಕಿಗೆ ವಾಲುತ್ತಿದ್ದರೆ ಮಾತ್ರ ನಂಬಿ. ನಾನಿದ್ದ ಒಂದು ಕೆಲಸದಲ್ಲಿ ಮೂರು ಪಾಳಿ ಹೀಗೆ ವಾಲಿದ್ದನ್ನು ತಕ್ಕಡಿ ಕೆಟ್ಟಿದೆ ಎಂದು ತಳ್ಳಿಹಾಕಿದ್ದೆವು. ನಾಲ್ಕನೇ ದಿನ ಮೇಲೆ ರಸ್ತೆ ಕುಳಿಬಿತ್ತು. ಮರಳಿನಲ್ಲಿ ಟೊಳ್ಳು ನೆತ್ತಿಯಿಂದ ನೆಲಕ್ಕೆ ಏರಲು ಸಮಯ ತೆಗೆದುಕೊಳ್ಳುತ್ತದೆ, ಹಾಗಾಗಿ ನಿಮ್ಮ 40 ಮಿಲಿಮೀಟರ್ ಕೊನೆಯ ಅಂಕಿ ಎಂದುಕೊಳ್ಳಬೇಡಿ. ಆ ಜಾಗದಲ್ಲಿ ಮೇಲಿನಿಂದ ರಂಧ್ರ ಕೊರೆದು ನೋಡಿಸಿ, ಸಡಿಲವಾಗಿದ್ದರೆ ಗ್ರೌಟ್ ಹಾಕಿಸಿ. ಇನ್ನು ಮುಂದೆ ಹೆಚ್ಚು ಹೊತ್ತು ನಿಲ್ಲುವ ಮೊದಲು ಸ್ಕ್ರೂ ನಿಧಾನಿಸಿ ಚೇಂಬರ್ ತುಂಬಿಸಿ, ಮೇಲ್ಭಾಗಕ್ಕೆ ಬೆಂಟೊನೈಟ್ ಜೇಡಿಯ ಕೆಸರು ಬಿಡಿ.

ಸೆಗ್ಮೆಂಟುಗಳಿಗೆ ಪೂರ್ತಿ 3 ಬಾರ್ ಏಕೆ ಎಂಬುದು ಉಳಿಯಿತು. ಕಣಗಳು ಪಕ್ಕಕ್ಕೆ ಭಾರ ದಾಟಿಸಿ ಕಟ್ಟಿಕೊಂಡ, ಮುಖವನ್ನು ಕಾಯುವ ಕಮಾನು ಕೆಲವು ಗಂಟೆ ನಿಂತರೆ ಸಾಕು, ಯಂತ್ರ ಮುಂದೆ ಹೋಗುತ್ತದೆ. ರಿಂಗ್ ಅಲ್ಲೇ ನೂರು ವರ್ಷ ಇರಬೇಕು. ಅಷ್ಟರಲ್ಲಿ ನೀರಿನ ಮಟ್ಟ ಏರಿಳಿಯುತ್ತದೆ, ಪಕ್ಕದಲ್ಲಿ ಯಾರೋ ಅಗೆಯುತ್ತಾರೆ, ಕಂಪನ ಬರುತ್ತದೆ, ಕಮಾನು ಸಡಿಲವಾಗುತ್ತದೆ. ಮಣ್ಣಿನ ಹೊದಿಕೆ ವ್ಯಾಸದ ಎರಡು ಪಟ್ಟಿಗಿಂತ ಕಡಿಮೆ ಇದ್ದಾಗ ಕಮಾನನ್ನು ನಂಬದೆ ಪೂರ್ತಿ ಭಾರ ಹಿಡಿಯುವುದು ರೂಢಿ, ನಿಮ್ಮದು 1.8 ಪಟ್ಟು.

ಈ ಎಚ್ಚರಿಕೆಗೆ ತೆರುವ ಬೆಲೆಯೂ ಕಡಿಮೆ. ಮೇಲಿಂದ 300, ಪಕ್ಕದಿಂದ ನೀರು ಮತ್ತು ಮಣ್ಣು ಸೇರಿ ಸುಮಾರು 200, ಸರಾಸರಿ 250. ರಿಂಗಿನ ಹೊರ ವ್ಯಾಸ 6.3 ಮೀಟರ್, ದಪ್ಪ 30 ಸೆಂಟಿಮೀಟರ್ ಇದ್ದರೆ ಉದ್ದದ ಪ್ರತಿ ಮೀಟರಿಗೆ 790 ಕಿಲೋನ್ಯೂಟನ್ ಒತ್ತುಬಲ ಬರುತ್ತದೆ. ಕಾಂಕ್ರೀಟಿನ ಮೇಲೆ 2.6 ಮೆಗಾಪ್ಯಾಸ್ಕಲ್. 50 ಮೆಗಾಪ್ಯಾಸ್ಕಲ್ ಕಾಂಕ್ರೀಟಿಗೆ ಇದೇನೂ ಅಲ್ಲ.

ರಿಂಗಿಗೆ ತೊಂದರೆ ಕೊಡುವುದು ಆ 250 ಅಲ್ಲ, 300ಕ್ಕೂ 200ಕ್ಕೂ ಇರುವ ಅಂತರ. ಆ ಅಂತರ ರಿಂಗನ್ನು ಮೊಟ್ಟೆಯಾಕಾರಕ್ಕೆ ಚಪ್ಪಟೆ ಮಾಡಲು ನೋಡುತ್ತದೆ. ಪಕ್ಕದ ಮಣ್ಣು ಏನೂ ತಡೆಯದಿದ್ದರೆ ಬಾಗುಬಲ ಮೀಟರಿಗೆ 220 ಕಿಲೋನ್ಯೂಟನ್-ಮೀಟರ್ ಮುಟ್ಟುತ್ತದೆ, 30 ಸೆಂಟಿಮೀಟರ್ ದಪ್ಪಕ್ಕೆ ಅದು ಬಹಳ ಹೆಚ್ಚು. ನಿಜದಲ್ಲಿ ರಿಂಗ್ ಕೆಲವು ಮಿಲಿಮೀಟರ್ ಅಗಲವಾಗುತ್ತಿದ್ದಂತೆ ಪಕ್ಕದ ಮಣ್ಣು ತಿರುಗಿ ಒತ್ತುತ್ತದೆ, ಬಾಗುಬಲ ಅದರ ಒಂದು ಸಣ್ಣ ಭಾಗಕ್ಕೆ ಇಳಿಯುತ್ತದೆ. ಸೆಗ್ಮೆಂಟ್ ವಿನ್ಯಾಸ ನಿಂತಿರುವುದು ಈ ಪಕ್ಕದ ಆಸರೆಯ ಮೇಲೆ.

ಅದಕ್ಕೇ ನಿಮ್ಮ ಎರಡು ಪ್ರಶ್ನೆಗಳು ಆ 40 ಮಿಲಿಮೀಟರ್ ಜಾಗದಲ್ಲಿ ಸೇರುತ್ತವೆ. ಮರಳು ಒಳಗೆ ಬಂದು ಸುತ್ತಲಿನ ಮಣ್ಣು ಸಡಿಲವಾಗಿದ್ದರೆ ಆ ರಿಂಗುಗಳು ಲೆಕ್ಕದಲ್ಲಿ ಇಟ್ಟುಕೊಂಡ ಪಕ್ಕದ ಆಸರೆಯನ್ನು ಕಳೆದುಕೊಂಡಿವೆ. ಅಲ್ಲಿನ ರಿಂಗುಗಳ ಅಡ್ಡ ಮತ್ತು ಉದ್ದ ವ್ಯಾಸವನ್ನು ಟೇಪಿನಲ್ಲೋ ಲೇಸರಿನಲ್ಲೋ ಅಳೆದು, ಕೂರಿಸಿದ ದಿನದ ಅಳತೆಯೊಂದಿಗೆ ಹೋಲಿಸಿ. ಅಡ್ಡ ವ್ಯಾಸ ವಾರದಿಂದ ವಾರಕ್ಕೆ ಇನ್ನೂ ಹಿಗ್ಗುತ್ತಿದ್ದರೆ, ಸೆಗ್ಮೆಂಟಿನ ಗ್ರೌಟ್ ರಂಧ್ರಗಳ ಮೂಲಕ ಎರಡೂ ಪಕ್ಕಕ್ಕೆ ಮತ್ತೊಮ್ಮೆ ಗ್ರೌಟ್ ಹಾಕಿಸಿ. ಒಂದೇ ಪಕ್ಕಕ್ಕೆ ಪೂರ್ತಿ ತುಂಬಿ ಮುಗಿಸಬೇಡಿ, ಎರಡೂ ಕಡೆ ಸ್ವಲ್ಪ ಸ್ವಲ್ಪವಾಗಿ ಬದಲಾಯಿಸುತ್ತಾ ಹೋಗಲಿ.