ನೋಟಿಸ್ ಪೀರಿಯಡ್ ಕಡಿಮೆ ಮಾಡಿ ಅಂತ ಕೇಳುವ ಮೊದಲು

ಓದುಗರ ಪತ್ರ: ನಮಸ್ಕಾರ ಸರ್. ನಾನು ಮಂಗ್ಳೂರಿನ ಒಂದು ಕಂಪೆನಿಯಲ್ಲಿ ಅಕೌಂಟ್ಸ್ ನೋಡುವುದು, ಸೇರಿ ಬರುವ ನವೆಂಬರ್ 10ಕ್ಕೆ 5 ವರ್ಷ. ಕೊಚ್ಚಿಯಿಂದ ಒಳ್ಳೆ ಆಫರ್ ಬಂದಿದೆ, ನವೆಂಬರ್ 3ಕ್ಕೆ ಜಾಯಿನ್ ಆಗ್ಬೇಕಂತೆ. ಸೆಪ್ಟೆಂಬರ್ 22ಕ್ಕೆ ರಿಸೈನ್ ಮೇಲ್ ಹಾಕಿದ್ದೇನೆ, ನೋಟಿಸ್ 60 ದಿನ, ಲೆಕ್ಕದಲ್ಲಿ ನವೆಂಬರ್ 20ಕ್ಕೆ ಮುಗೀತದೆ. ಬೇಸಿಕ್ 15,000, ಒಟ್ಟು ಸಂಬಳ 30,000, ರಜೆ 6 ದಿನ ಬಾಕಿ ಉಂಟು. ಅಕ್ಟೋಬರ್ 31ಕ್ಕೇ ಬಿಡಿ ಅಂತ ಮ್ಯಾನೇಜರ್ ಹತ್ರ ಕೇಳ್ಬೇಕು, ಆದ್ರೆ ಧೈರ್ಯ ಬರ್ತಾ ಇಲ್ಲ. ಹೇಗೆ ಕೇಳುವುದು?
– ಒಬ್ಬ ಓದುಗ, ಉಪ್ಪಳ

ಸಂಪಾದಕರ ಉತ್ತರ:

ಧೈರ್ಯ ಬಾರದೆ ಇದ್ದದ್ದು ಒಳ್ಳೇದೇ ಆಯ್ತು ಮಾರಾಯ್ರೆ, ಯಾಕಂದ್ರೆ ಅಕ್ಟೋಬರ್ 31 ಅಂತ ನೀವು ಕೇಳಿ ಅವರು ಸರಿ ಅಂದಿದ್ರೆ ನಿಮ್ಗೇ ನಷ್ಟ. ನಿಮ್ಮ ಪತ್ರದಲ್ಲೇ ಒಂದು ತಾರೀಕು ಉಂಟು, ನವೆಂಬರ್ 10, ಅದನ್ನು ನೀವು ಸುಮ್ಮನೆ ಪರಿಚಯಕ್ಕೆ ಅಂತ ಬರ್ದದ್ದು, ಆದ್ರೆ ಇಡೀ ವಿಷಯ ನಿಂತಿರುವುದೇ ಅದರ ಮೇಲೆ. ಗ್ರಾಚ್ಯುಟಿ, ಅಂದ್ರೆ ಕೆಲ್ಸ ಬಿಡುವಾಗ ಕಂಪೆನಿ ಕೊಡುವ ಇಡುಗಂಟು, ಸಿಗ್ಬೇಕಾದ್ರೆ ಪರ್ಮನೆಂಟ್ ನೌಕರರಿಗೆ 5 ವರ್ಷ ಬಿಡದೆ ಸರ್ವಿಸ್ ಆಗಿರ್ಬೇಕು (10 ಜನ ಅಥವಾ ಜಾಸ್ತಿ ಇರುವ ಕಂಪೆನಿಗೆ ಇದು ಲಾಗು ಆಗ್ತದೆ, ನಿಮ್ಮಲ್ಲಿ ಅಷ್ಟು ಜನ ಇದ್ದೇ ಇರ್ತಾರೆ ಅಂತ ಗ್ರಹಿಸ್ತೇನೆ). ಲೆಕ್ಕ ಮಾಡುವ ಕ್ರಮ, ಕಡೇ ಬೇಸಿಕ್ ಮತ್ತು ಡಿಎಯನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ ಮತ್ತೆ ವರ್ಷದಿಂದ ಗುಣಿಸುವುದು. ನಿಮ್ಮ 15,000ಕ್ಕೆ 5 ವರ್ಷಕ್ಕೆ ಸುಮಾರು 43,269 ರೂಪಾಯಿ ಆಗ್ತದೆ. ಅಕ್ಟೋಬರ್ 31ಕ್ಕೆ ಹೊರಗೆ ಬಂದ್ರೆ 5 ವರ್ಷಕ್ಕೆ ಹತ್ತೇ ದಿನ ಕಡಿಮೆ ಬೀಳ್ತದೆ. ಐದನೇ ವರ್ಷದಲ್ಲಿ 240 ದಿನ ಕೆಲ್ಸ ಮಾಡಿದ್ರೆ ಸಾಕು ಅಂತ ಕೆಲವು ಹೈಕೋರ್ಟ್ ತೀರ್ಪು ಉಂಟು, ಸರಿ, ಆದ್ರೆ ಕಂಪೆನಿ ಕೊಡುವುದಿಲ್ಲ ಅಂದ್ರೆ ಆ ತೀರ್ಪು ಹಿಡ್ಕೊಂಡು ಲೇಬರ್ ಆಫೀಸಿಗೆ ಹೋಗ್ಬೇಕಾದವರು ನೀವು, ಅದೂ ಕೊಚ್ಚಿಯಿಂದ ರಜೆ ಹಾಕಿ. ಅದಕ್ಕಿಂತ ಹತ್ತು ಹನ್ನೆರಡು ದಿನ ಕೂತು ಮುಗ್ಸುವುದು ಸುಲಭ.

ಹಾಗಾದ್ರೆ ಯಾವ ತಾರೀಕು ಕೇಳ್ಬೇಕು? ನನ್ನ ಪ್ರಕಾರ ನವೆಂಬರ್ 12. ಯಾಕೆ 10 ಅಲ್ಲ, ಯಾಕೆ 15 ಅಲ್ಲ ಅಂತ ಕೇಳ್ಬಹುದು. ಅಕೌಂಟ್ಸಿನಲ್ಲಿ ಇರುವವರಿಗೆ ನಾನು ಹೇಳ್ಬೇಕಾಗಿಲ್ಲ, ತಿಂಗಳಿಗೆ ಒಂದು ಸುತ್ತು ಇರ್ತದಲ್ಲ, 7ಕ್ಕೆ ಟಿಡಿಎಸ್ ಕಟ್ಟುವುದು, 11ಕ್ಕೆ ಮಾರಾಟದ ಲೆಕ್ಕ ಕೊಡುವ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿ ಕಟ್ಟುವ ರಿಟರ್ನ್ 3ಬಿ. ನಿಮ್ಮ ನೋಟಿಸ್ ಮುಗಿಯುವ ದಿನವೂ ಸರಿಯಾಗಿ 20! ಅಂದ್ರೆ ಮ್ಯಾನೇಜರ್ ತಲೆಯಲ್ಲಿ ಈಗಾಗ್ಲೇ ಒಂದು ಲೆಕ್ಕ ಕೂತಿರ್ತದೆ, ಅಕ್ಟೋಬರ್ ತಿಂಗಳ ರಿಟರ್ನ್ ಎಲ್ಲಾ ಇವರೇ ಮಾಡಿ ಹೋಗ್ತಾರೆ ಅಂತ. ನೀವು ಹೋಗಿ ಅಕ್ಟೋಬರ್ 31 ಅಂದ ಕೂಡ್ಲೆ ಅವರಿಗೆ ಕಾಣುವುದು ನಿಮ್ಮ ಹೊಸ ಕೆಲ್ಸ ಅಲ್ಲ, ನವೆಂಬರ್ 7, 11, 20 ಮೂರೂ ಖಾಲಿ. ಅದೇ 12 ಅಂದ್ರೆ ಮೂರರಲ್ಲಿ ಎರಡು ನಿಮ್ಮ ಕೈಯಲ್ಲೇ ಮುಗೀತದೆ, ಉಳಿಯುವುದು 3ಬಿ ಒಂದೇ, ಜಿಎಸ್‌ಟಿಆರ್-1 ಸರಿಯಾಗಿ ಹೋಗಿದ್ರೆ ಮಾರಾಟದ ಅಂಕೆ ಅದರಿಂದಲೇ ಬರ್ತದೆ, ಇನ್‌ಪುಟ್ ಕ್ರೆಡಿಟನ್ನು ಪೋರ್ಟಲ್ ಕೊಡುವ 2ಬಿ ಪಟ್ಟಿ ಜೊತೆ ತಾಳೆ ನೋಡುವುದಷ್ಟೇ ಹೊಸಬರ ಕೆಲ್ಸ. ಆ ಹೊತ್ತಿಗೆ ನಿಮ್ಮ 5 ವರ್ಷವೂ ತುಂಬಿರ್ತದೆ.

ಈಗ ಮೊದಲ ಮಾತು ಮ್ಯಾನೇಜರ್ ಹತ್ರ ಅಲ್ಲ, ಕೊಚ್ಚಿಯವರ ಹತ್ರ. ಹೆಚ್ಚಿನವರು ಇದನ್ನು ಉಲ್ಟಾ ಮಾಡ್ತಾರೆ, ಹೊಸ ಕಂಪೆನಿ ಹೇಳಿದ ತಾರೀಕನ್ನು ಕಲ್ಲಿನಲ್ಲಿ ಕೆತ್ತಿದ್ದು ಅಂತ ಗ್ರಹಿಸಿ ಹಳೇ ಕಂಪೆನಿಯಲ್ಲಿ ಮಾತ್ರ ಕೈಮುಗಿದು ನಿಲ್ತಾರೆ. ನವೆಂಬರ್ 3 ಯಾಕೆ ಅಂತ ಎಚ್‌ಆರ್‌ಗೆ ಕೇಳಿ. ಅವತ್ತು ಒಂದು ಬ್ಯಾಚಿಗೆ ಇಂಡಕ್ಷನ್ ಇದ್ರೆ ಅಥವಾ ಈಗ ಇರುವ ಅಕೌಂಟೆಂಟ್ ಅಷ್ಟರಲ್ಲಿ ಬಿಟ್ಟು ಹೋಗುವವರಾದ್ರೆ ಅದು ನಿಜವಾದ ತಾರೀಕು. ಬರೀ ತಿಂಗಳ ಮೊದಲ ವಾರ ಅಂತ ಆಫರ್ ಲೆಟರಲ್ಲಿ ಹಾಕಿದ್ದಾದ್ರೆ ಹತ್ತು ಹನ್ನೊಂದು ದಿನ ಸರಿಯುವುದು ಕಷ್ಟ ಅಲ್ಲ. ಆದ್ರೆ "ಸ್ವಲ್ಪ ಟೈಮ್ ಕೊಡಿ" ಅಂತ ಕೇಳ್ಬೇಡಿ, ಅದು ಅವರಿಗೆ ಹೆದರಿಕೆ ಹುಟ್ಟಿಸ್ತದೆ, ಇವ ಬರ್ತಾನೋ ಬೇರೆ ಆಫರ್ ನೋಡ್ತಾ ಇದ್ದಾನೋ ಅಂತ. ನೋಟಿಸ್ ಪ್ರಕಾರ ನವೆಂಬರ್ 20 ಆಗ್ತದೆ, ನಾನು 12ಕ್ಕೆ ತರ್ಲಿಕ್ಕೆ ನೋಡ್ತೇನೆ, 14ಕ್ಕೆ ಜಾಯಿನ್ ಆಗ್ತೇನೆ, ಅಂತ ತಾರೀಕು ಹಾಕಿ ಮೇಲ್ ಮಾಡಿ. 13 ಒಂದು ದಿನ ಸಾಮಾನು ಕಟ್ಟಿ ರೈಲು ಹತ್ಲಿಕ್ಕೆ ಬೇಕು, ಉಪ್ಪಳದಿಂದ ಮಂಗ್ಳೂರಿಗೆ ಹೋಗಿ ಬಂದ ಹಾಗೆ ಕೊಚ್ಚಿಗೆ ಓಡಾಡ್ಲಿಕ್ಕೆ ಆಗುವುದಿಲ್ಲವಲ್ಲ. ಅವರು ಒಪ್ಪಿದ್ರೆ ಹೊಸ ಜಾಯಿನಿಂಗ್ ಡೇಟ್ ಮೇಲಲ್ಲಿ ಬರ್ಸಿಕೊಳ್ಳಿ, ಕೆಲವು ಆಫರ್ ಲೆಟರಲ್ಲಿ ಇಂಥಾ ದಿನ ಸೇರದಿದ್ರೆ ಆಫರ್ ರದ್ದು ಅಂತ ಸಾಲು ಇರ್ತದೆ, ಫೋನಲ್ಲಿ "ಓಕೆ ಓಕೆ" ಅಂದದ್ದು ಅದರ ಎದುರು ನಿಲ್ಲುವುದಿಲ್ಲ.

ಎರಡನೇದು ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್ ತೆಗ್ದು ನೋಟಿಸಿನ ಷರತ್ತು ಓದಿ. ಎರಡು ತರ ಬರೀತಾರೆ. "60 ದಿನ ನೋಟಿಸ್ ಅಥವಾ ಅದರ ಬದಲು ಸಂಬಳ" ಅಂತ ಬರೀ ಇಷ್ಟೇ ಇದ್ರೆ ದುಡ್ಡು ಕಟ್ಟಿ ಹೋಗುವ ದಾರಿ ನಿಮ್ಗೂ ಉಂಟು ಅಂತ ವಾದ ಮಾಡ್ಬಹುದು. "ಕಂಪೆನಿಯ ಇಷ್ಟದ ಮೇಲೆ" ಅಂತ ಒಂದು ಬಾಲ ಅಂಟಿಸಿದ್ರೆ ದುಡ್ಡು ಕೊಟ್ರೂ ಬಿಡುವುದು ಬಿಡದೆ ಇರುವುದು ಅವರ ಕೈಯಲ್ಲಿ. ಕಟ್ ಮಾಡುವುದು ಬೇಸಿಕ್ ಮೇಲೋ ಒಟ್ಟು ಸಂಬಳದ ಮೇಲೋ ಅಂತಲೂ ಅಲ್ಲೇ ನೋಡಿ. ನಿಮ್ಮ ಲೆಕ್ಕ ಹೀಗೆ: 31ಕ್ಕೆ ಬಿಟ್ರೆ 20 ದಿನ ಕಡಿಮೆ, 6 ದಿನ ರಜೆ ಹೊಂದಿಸಿದ್ರೆ 14 ದಿನ, ತಿಂಗಳಿಗೆ 30 ದಿನ ಅಂತ ಹಿಡಿದ್ರೆ ಬೇಸಿಕ್ ಮೇಲೆ 7,000, ಒಟ್ಟು ಸಂಬಳದ ಮೇಲಾದ್ರೆ 14,000. 12ಕ್ಕೆ ಬಿಟ್ರೆ ಕಡಿಮೆ ಬೀಳುವುದು 8 ದಿನ, ರಜೆ ಹೊಂದಿಸಿ 2 ದಿನ, ಅಂದ್ರೆ 1,000 ಅಥವಾ 2,000. ರಜೆಯನ್ನು ನೋಟಿಸಿಗೆ ಹೊಂದಿಸ್ಲಿಕ್ಕೆ ಬಿಡ್ತಾರಾ ಅಂತ ಎಚ್‌ಆರ್ ಹತ್ರ ಕೇಳಿಯೇ ಮುಂದೆ ಹೋಗಿ, ಎಲ್ಲಾ ಕಡೆ ಬಿಡುವುದಿಲ್ಲ. ಈ ನೋಟಿಸ್ ಪೇ ಮೇಲೆ ಜಿಎಸ್‌ಟಿ ಸೇರಿಸಿ ಹಿಡಿದ್ರೆ ಮಾತ್ರ ಸುಮ್ಮನಿರ್ಬೇಡಿ, ಅದು ಬೇಡ ಅಂತ 2022ರ ಆಗಸ್ಟಿನಲ್ಲೇ ಜಿಎಸ್‌ಟಿ ನೋಡುವ ಸಿಬಿಐಸಿಯ ಸರ್ಕ್ಯುಲರ್ ಆಗಿದೆ, ನೀವೇ ಅಕೌಂಟ್ಸಿನವರು, ನಿಮ್ಗೇ ಯಾರಾದ್ರೂ ಹಿಡಿದ್ರೆ ನಾಚಿಕೆ.

ಇನ್ನು ಮ್ಯಾನೇಜರ್. ಅವರು ಬೇಡ ಅನ್ನುವುದಕ್ಕೆ ರಿಟರ್ನ್ ತಾರೀಕು ಒಂದು ಕಾರಣ ಅಂದೆ, ಇನ್ನೊಂದು ಅವರೂ ಬಾಯ್ಬಿಟ್ಟು ಹೇಳುವುದಿಲ್ಲ, ನಿಮ್ಗೂ ಹೊಳೆದಿರ್ಲಿಕ್ಕಿಲ್ಲ. ನಮ್ಮ ಕಡೆ ಸಣ್ಣ ಮಧ್ಯಮ ಕಂಪೆನಿಗಳಲ್ಲಿ ಜಿಎಸ್‌ಟಿ ಪೋರ್ಟಲ್‌ಗೆ, ಟಿಡಿಎಸ್‌ನ ಟ್ರೇಸಸ್ ಪೋರ್ಟಲ್‌ಗೆ, ಪಿಎಫ್ ಲಾಗಿನ್‌ಗೆ ಕೊಟ್ಟ ಮೊಬೈಲ್ ನಂಬರ್ ಯಜಮಾನರದ್ದಲ್ಲ, ಅಕೌಂಟ್ಸಿನವರದ್ದು. ಯಜಮಾನರ ಹತ್ರ ಓಟಿಪಿ ಕೇಳಿ ಕೇಳಿ ಬೇಜಾರು ಬಂದು ಯಾವತ್ತೋ ಒಂದು ದಿನ ನಿಮ್ಮ ನಂಬರ್ ಹಾಕಿರ್ತಾರೆ. ನೀವು ಹೋದ್ರೆ ಓಟಿಪಿಯೂ ನಿಮ್ಮ ಒಟ್ಟಿಗೆ ಕೊಚ್ಚಿಗೆ ಹೋಗ್ತದೆ. ಹಾಗಾಗಿ ಕೇಳ್ಲಿಕ್ಕೆ ಹೋಗುವ ಮೊದಲು ಒಂದು ಹಾಳೆ ಮಾಡಿ, ಯಾವ ಪೋರ್ಟಲ್, ಯಾವ ಯೂಸರ್ ಐಡಿ, ಓಟಿಪಿ ಯಾರ ನಂಬರಿಗೆ ಬರ್ತದೆ, ಬ್ಯಾಂಕಲ್ಲಿ ಪೇಮೆಂಟ್ ಹಾಕುವವರು ಯಾರು ಅಪ್ರೂವ್ ಮಾಡುವವರು ಯಾರು, ಟ್ಯಾಲಿ ಬ್ಯಾಕಪ್ ಎಲ್ಲಿ ಉಂಟು. ಪಾಸ್‌ವರ್ಡ್ ಆ ಹಾಳೆಯಲ್ಲಿ ಬೇಡ. ನಿಮ್ಮ ನಂಬರ್ ಎಲ್ಲೆಲ್ಲಿ ಉಂಟೋ ಅದನ್ನು ಅಕ್ಟೋಬರಿನಲ್ಲೇ ಬದ್ಲಾಯಿಸಿ ಕೊಡ್ತೇನೆ ಅಂತ ಹೇಳಿ. ಜಿಎಸ್‌ಟಿಯಲ್ಲಿ ಮೊಬೈಲ್ ನಂಬರ್ ಬದ್ಲಾಯಿಸುವುದಕ್ಕೆ ಆಫೀಸರ ಅಪ್ರೂವಲ್ ಬೇಡ, ನಾನ್-ಕೋರ್ ತಿದ್ದುಪಡಿ, ಆದ್ರೆ ಲಾಗಿನ್ ಕೈಯಲ್ಲಿ ಇರುವಾಗ್ಲೇ ಮಾಡ್ಬೇಕು, ನೀವು ಹೋದ ಮೇಲೆ ಮಾಡುವುದು ದೊಡ್ಡ ತಲೆಬಿಸಿ.

ಮ್ಯಾನೇಜರ್ ಹತ್ರ ಕೇಳ್ಲಿಕ್ಕೆ ಹೋಗುವ ದಿನವನ್ನೂ ನೋಡಿ ಆರಿಸಿ, ಅಕ್ಟೋಬರ್ 7ರ ಹಿಂದಿನ ದಿನ, 10, 11, 19, 20 ಬೇಡ. ಮೊದಲು ಬಾಯಲ್ಲಿ ಹೇಳಿ, ಮೇಲ್ ಆಮೇಲೆ. ಹೆಚ್ಚು ಪೀಠಿಕೆ ಬೇಡ: "ಸರ್, ನೋಟಿಸ್ 20ರ ವರೆಗೆ ಉಂಟು ಅಂತ ಗೊತ್ತುಂಟು. 12ಕ್ಕೆ ಬಿಡ್ಲಿಕ್ಕೆ ಆಗ್ತದಾ ಅಂತ ಕೇಳ್ಲಿಕ್ಕೆ ಬಂದೆ. ಸೆಪ್ಟೆಂಬರ್ ರಿಟರ್ನ್ ಎಲ್ಲಾ ನಾನು ಮಾಡ್ತೇನೆ, ಟಿಡಿಎಸ್ ಕ್ವಾರ್ಟರ್ ರಿಟರ್ನ್ 31ರ ಒಳಗೆ ಹಾಕ್ತೇನೆ, ಅಕ್ಟೋಬರ್ ತಿಂಗಳದ್ದು ಜಿಎಸ್‌ಟಿಆರ್-1 ಕೂಡ ಫೈಲ್ ಮಾಡಿಯೇ ಹೋಗುವುದು. 3ಬಿಗೆ ಬೇಕಾದ ವರ್ಕಿಂಗ್ ಶೀಟ್ ತಯಾರು ಮಾಡಿ ಇಡ್ತೇನೆ. ಯಾರಿಗೆ ಕಲಿಸ್ಬೇಕು ಅಂತ ಹೇಳಿ, ಈ ಸಲದ 3ಬಿ ಅವರ ಕೈಯಲ್ಲೇ ಮಾಡಿಸ್ತೇನೆ." ಕೊಚ್ಚಿಯವರ ಅವಸರವನ್ನು ಒಂದೇ ಸಾಲಲ್ಲಿ ಹೇಳಿ ಬಿಡಿ, ಅಲ್ಲಿ ಸಂಬಳ ಎಷ್ಟು, ಎಂತ ಪೋಸ್ಟ್ ಅಂತ ಸುರು ಮಾಡಿದ್ರೆ ಮಾತು ನಿಮ್ಮನ್ನು ಉಳಿಸಿಕೊಳ್ಳುವ ಕಡೆಗೆ ತಿರುಗ್ತದೆ, ಮತ್ತೆ ತಾರೀಕಿನ ವಿಷಯ ಅಲ್ಲಿಗೇ ಬಿತ್ತು. ಮನೆಯಲ್ಲಿ ಹುಷಾರಿಲ್ಲ ಅಂತೆಲ್ಲ ಸುಳ್ಳು ಕಟ್ಬೇಡಿ, ಮಂಗ್ಳೂರಿಂದ ಕಾಸರಗೋಡಿಗೆ ಸುದ್ದಿ ಬರ್ಲಿಕ್ಕೆ ಎಷ್ಟು ಹೊತ್ತು.

"20ರ 3ಬಿಗೆ ಯಾರು?" ಅಂತ ಅವರು ಮತ್ತೆ ಕೇಳಿದ್ರೆ ಫೋನಲ್ಲಿ ಡೌಟ್ ಕೇಳಿದ್ರೆ ಸಂಜೆ ಹೇಳ್ತೇನೆ ಅಂತ ಒಪ್ಪಿಕೊಳ್ಳಿ, ಆದ್ರೆ ನಾನೇ ಲಾಗಿನ್ ಆಗಿ ಹಾಕ್ತೇನೆ ಅಂತ ಹೇಳ್ಬೇಡಿ. ಅಷ್ಟೊತ್ತಿಗೆ ನೀವು ಇನ್ನೊಂದು ಕಂಪೆನಿಯ ನೌಕರರು, ಬೇರೆ ಕೆಲ್ಸ ಮಾಡ್ಬಾರ್ದು ಅಂತ ಅಲ್ಲಿನ ಲೆಟರಲ್ಲಿ ಇರ್ತದೆ.

ಅವರು "ಆಯ್ತು ನೋಡುವ" ಅಂದ್ರೆ ಅದು ಒಪ್ಪಿಗೆ ಅಲ್ಲ. "ಆಯ್ತು ಹೋಗಿ" ಅಂದ್ರೂ ಪೂರ್ತಿ ಒಪ್ಪಿಗೆ ಅಲ್ಲ, ಯಾಕಂದ್ರೆ ಎಚ್‌ಆರ್ ಪುಸ್ತಕದಲ್ಲಿ ಇನ್ನೂ 20 ಅಂತಲೇ ಇರ್ತದೆ, ನೀವು 13ಕ್ಕೆ ಬಾರದೆ ಇದ್ರೆ ಹೇಳದೆ ಬಿಟ್ಟು ಹೋದವರ ಲೆಕ್ಕಕ್ಕೆ ಸೇರ್ತೀರಿ. ಹಾಗಾಗಿ ಅವತ್ತೇ ಸಂಜೆ ಎಚ್‌ಆರ್‌ಗೂ ಕಾಪಿ ಹಾಕಿ ಮೇಲ್ ಕಳ್ಸಿ, ಮಾತಾಡಿದ ಪ್ರಕಾರ ಕಡೇ ದಿನ ನವೆಂಬರ್ 12, 6 ದಿನ ರಜೆ ಹೊಂದಿಸಿ 2 ದಿನದ್ದು ಸೆಟಲ್‌ಮೆಂಟಲ್ಲಿ ಹಿಡ್ಕೊಳ್ಳುವುದು, ಅಂತ. ಅವರಿಂದ ಒಂದು ಸಾಲಿನ ಉತ್ತರ ಬರುವ ತನಕ ಕೊಚ್ಚಿಯವರಿಗೆ ಖಾತ್ರಿ ಅಂತ ಹೇಳ್ಬೇಡಿ.

ಸುತಾರಾಂ ಆಗುವುದಿಲ್ಲ ಅಂದ್ರೆ? ಆಗ ಈ 8 ದಿನಕ್ಕೋಸ್ಕರ ರಿಲೀವಿಂಗ್ ಲೆಟರ್ ಬಿಟ್ಟು ಓಡ್ಲಿಕ್ಕೆ ನಾನು ಹೇಳುವುದಿಲ್ಲ, ಹೊಸ ಕಂಪೆನಿಯವರು ವೆರಿಫಿಕೇಶನಿಗೆ ಅದನ್ನೇ ಕೇಳುವುದು. ಕೊಚ್ಚಿಯವರ ಹತ್ರ 22ಕ್ಕೆ ಬರ್ತೇನೆ ಅಂತ ಇನ್ನೊಮ್ಮೆ ಕೇಳಿ. ಅವರೇ ನೋಟಿಸಿನ ದುಡ್ಡು ಕೊಡ್ತೇವೆ, ಈಗ್ಲೇ ಬನ್ನಿ ಅಂದ್ರೂ ಸ್ವಲ್ಪ ನಿಧಾನ, ಸಾಮಾನ್ಯವಾಗಿ ಅದು ಸಂಬಳದ ಒಟ್ಟಿಗೆ ಟ್ಯಾಕ್ಸ್ ಹಿಡಿದು ಬರ್ತದೆ, ಒಂದು ವರ್ಷದ ಒಳಗೆ ಬಿಟ್ರೆ ವಾಪಸ್ ಕೊಡ್ಬೇಕು ಅಂತ ಕಂಡೀಶನ್ ಹೆಚ್ಚಾಗಿ ಇರ್ತದೆ, ಮತ್ತೆ ಗ್ರಾಚ್ಯುಟಿ ಹೋದದ್ದನ್ನು ಅವರು ತುಂಬಿಸಿ ಕೊಡುವುದಿಲ್ಲ. ಹಳೇ ಕಂಪೆನಿಯವರು ಪಿಎಫ್ ಹಣ ಹಿಡಿದಿಡ್ತೇವೆ ಅಂತ ಹೆದರಿಸಿದ್ರೆ ಹೆದರ್ಬೇಡಿ, ಅದು ಅವರ ಕೈಯಲ್ಲಿಲ್ಲ.

ಪಿಎಫಲ್ಲಿ ನೋಡ್ಬೇಕಾದ್ದು ಬೇರೆ. ರಿಲೀವಿಂಗ್ ಲೆಟರಲ್ಲಿ 12 ಅಂತ ಕೊಟ್ಟು ಪಿಎಫ್ ಪೋರ್ಟಲಲ್ಲಿ ಮೊದಲಿನ ಲೆಕ್ಕದ 20 ಅಂತ ಹಾಕಿಬಿಟ್ರೆ, ಕೊಚ್ಚಿಯವರು ಹಾಕಿದ 14 ಅದರ ಮೇಲೆ ಕೂತು, ಒಂದೇ ಸಮಯಕ್ಕೆ ಎರಡು ಕಡೆ ಕೆಲ್ಸ ಅಂತ ಕಾಣ್ತದೆ, ಹಣ ಟ್ರಾನ್ಸ್‌ಫರ್ ಮಾಡುವಾಗ ತೊಂದರೆ ಬರ್ಬಹುದು. ಡೇಟ್ ಆಫ್ ಎಕ್ಸಿಟ್ ಕಂಪೆನಿ ಹಾಕದೆ ಇದ್ರೆ ಕಡೇ ಕಂತು ಬಿದ್ದು 2 ತಿಂಗಳ ಮೇಲೆ ಮೆಂಬರ್ ಲಾಗಿನಲ್ಲಿ ನೀವೇ ಹಾಕ್ಬಹುದು, ತಪ್ಪು ಹಾಕಿದ್ರೆ ತಿದ್ದುವುದು ಇನ್ನೊಂದು ತಲೆಬಿಸಿ. ನಿಮ್ಮ ಆಫೀಸಲ್ಲಿ ಆ ತಾರೀಕು ಹಾಕುವ ಲಾಗಿನ್ ಈಗ ನಿಮ್ಮ ಹತ್ರವೇ ಇದ್ರೂ ಇರ್ಬಹುದು, ಆದ್ರೂ ನಿಮ್ಮದನ್ನು ನೀವೇ ಹಾಕ್ಬೇಡಿ, ನಿಮ್ಮ ಜಾಗಕ್ಕೆ ಬರುವವರಿಗೆ 12 ಅಂತ ಬರ್ದು ಕೊಟ್ಟು ಬನ್ನಿ.