ಅಳಿಲು ನಿಮ್ಮದೇ, ಆದರೆ ಎಷ್ಟು ನಿಮ್ಮದು?

“ಸಂಪಾದಕರೇ, ನಾವು ನೋಟ್‌ಬುಕ್ ತಯಾರಿಸುತ್ತೇವೆ. ನಮ್ಮ ಡಿಸೈನರ್ ಎಐ ಬಳಸಿ ಕನ್ನಡಕ ಹಾಕಿದ ಅಳಿಲಿನ ಚಿತ್ರವೊಂದನ್ನು ಮಾಡಿಕೊಟ್ಟಿದ್ದಾರೆ. ಇನ್ನು ಮುಂದೆ ಅದೇ ನಮ್ಮ ಬ್ರ್ಯಾಂಡಿನ ಗುರುತು. ‘ಕಮರ್ಷಿಯಲ್ ಬಳಕೆಗೆ ಅವಕಾಶ ಇದೆ’ ಅಂತ ಆ ಸೈಟಿನಲ್ಲೇ ಬರೆದಿದೆ. ಅಷ್ಟು ಸಾಕಲ್ವಾ? ರಟ್ಟಿನ ಮೇಲೆ ‘ಎಐ ಚಿತ್ರ’ ಅಂತ ಹಾಕಲೇಬೇಕಾ?”
— ಒಬ್ಬ ಓದುಗರು

ಸಾಲದು. ಆ ಸಾಲಿನ ಅರ್ಥ ಇಷ್ಟೇ: ನೀವು ಈ ಚಿತ್ರ ಹಾಕಿ ವ್ಯಾಪಾರ ಮಾಡಿದರೆ ಸೈಟಿನವರು ತಕರಾರು ತೆಗೆಯುವುದಿಲ್ಲ. ನಾಳೆ ಇನ್ನೊಬ್ಬರು ಅದೇ ಅಳಿಲನ್ನು ತಮ್ಮ ನೋಟ್‌ಬುಕ್ ಮೇಲೆ ಹಾಕಿಕೊಂಡರೆ ನೀವು ತಡೆಯಬಹುದೋ ಇಲ್ಲವೋ ಎಂಬುದು ಬೇರೆಯೇ ಪ್ರಶ್ನೆ. ವಾರದಲ್ಲಿ ಮರೆತುಹೋಗುವ ಪೋಸ್ಟರಿಗೆ ಮೊದಲನೆಯದು ಸಾಕು. ಹತ್ತು ವರ್ಷ ಜೊತೆಗಿರಬೇಕಾದ ಗುರುತಿಗೆ ಎರಡನೆಯದೂ ಬೇಕು.

ಮೊದಲು ಡಿಸೈನರನ್ನು ಕೇಳಿ: ಚಿತ್ರ ಮಾಡಿದ್ದು ಯಾರ ಅಕೌಂಟಿನಲ್ಲಿ, ಯಾವ ಪ್ಲಾನಿನಲ್ಲಿ, ಯಾವ ದಿನ? ಸೈಟಿನವರು ಅನುಮತಿ ಕೊಡುವುದು ಅಕೌಂಟ್ ಇರುವವರಿಗೆ. ಅದು ತಾನಾಗಿ ನಿಮ್ಮ ಕೈಗೆ ಬರುವುದಿಲ್ಲ. ಈ ಚಿತ್ರದ ಮೇಲೆ ತನಗಿರುವ ಹಕ್ಕನ್ನೆಲ್ಲ ನಿಮ್ಮ ಕಂಪನಿಗೆ ಬಿಟ್ಟುಕೊಟ್ಟಿದ್ದೇನೆ ಅಂತ ಡಿಸೈನರ್ ಬರೆದು ಸಹಿ ಮಾಡಿಕೊಡಬೇಕು. ಪ್ಲಾನ್ ಯಾಕೆ ಕೇಳಬೇಕು ಅನ್ನುವುದಕ್ಕೆ ಎಐ ಚಿತ್ರ ಮಾಡಿಕೊಡುವ ಮಿಡ್‌ಜರ್ನಿ ಸೈಟಿನ ಉದಾಹರಣೆ ನೋಡಿ. ವರ್ಷಕ್ಕೆ 10 ಲಕ್ಷ ಡಾಲರಿಗಿಂತ ಜಾಸ್ತಿ ಆದಾಯ ಇರುವ ಕಂಪನಿಗೆ ಚಿತ್ರದ ಒಡೆತನ ಬೇಕೆಂದರೆ ಪ್ರೊ ಅಥವಾ ಮೆಗಾ ಪ್ಲಾನ್ ಇರಲೇಬೇಕು ಎಂದು ಅವರ ಷರತ್ತು ಹೇಳುತ್ತದೆ. ಅಂದರೆ ದುಡ್ಡು ಕೊಟ್ಟಿದ್ದೇವೆ ಅಂದರೆ ಮುಗಿಯಲಿಲ್ಲ, ಯಾವ ಪ್ಲಾನಿಗೆ ಕೊಟ್ಟಿದ್ದೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಈ ಪಾಠ ನಾವೂ ಕಲಿತಿದ್ದೇವೆ. ಒಮ್ಮೆ ನಮ್ಮ ಮುಖಪುಟಕ್ಕೆ ಬಂದ ಚಿತ್ರವನ್ನು ಮಾರಾಟದ ಡೈರಿಗೂ ಬಳಸೋಣ ಅಂತ ಹೊರಟೆವು. ವಿಚಾರಿಸಿದರೆ ಅದನ್ನು ಮಾಡಿದ್ದು ಬಿಟ್ಟಿ ಅಕೌಂಟಿನಲ್ಲಿ. ಆ ಅಕೌಂಟಿಗೆ ಕಮರ್ಷಿಯಲ್ ಬಳಕೆಯ ಅನುಮತಿಯೇ ಇರಲಿಲ್ಲ. ಕಲಾವಿದರು ಆಮೇಲೆ ದುಡ್ಡು ಕಟ್ಟಿ ಪ್ಲಾನ್ ತೆಗೆದುಕೊಂಡಿದ್ದರು ನಿಜ. ಆದರೆ ಹಳೆಯ ಚಿತ್ರಕ್ಕೂ ಹೊಸ ಪ್ಲಾನಿನ ಅನುಮತಿ ಅನ್ವಯಿಸುತ್ತದೆ ಅಂತ ಷರತ್ತಿನಲ್ಲಿ ಎಲ್ಲೂ ಇರಲಿಲ್ಲ. ಡೈರಿಗೆ ಬೇರೆ ಚಿತ್ರ ಬರೆಸಿದೆವು. ಹಾಗಾಗಿ ಹೇಳುತ್ತೇನೆ: ಚಿತ್ರ ಮಾಡಿದ ದಿನದ ಷರತ್ತುಗಳ ಪುಟವನ್ನು ಪಿಡಿಎಫ್ ಮಾಡಿ ರಸೀದಿಯ ಜೊತೆ ಇಟ್ಟುಕೊಳ್ಳಿ. ಆ ಪುಟಗಳು ಹೇಳದೆ ಕೇಳದೆ ಬದಲಾಗುತ್ತಿರುತ್ತವೆ.

ಡಿಸೈನರ್ ಸೈಟ್ ಬಿಟ್ಟು ತಮ್ಮ ಕಂಪ್ಯೂಟರಿನಲ್ಲೇ ಎಐ ಮಾಡೆಲ್ ಇಳಿಸಿಕೊಂಡು ಮಾಡಿದ್ದರೆ, ಆ ಮಾಡೆಲ್‌ನ ಲೈಸೆನ್ಸ್ ನೋಡಿ. ಶೈಲಿಗಾಗಿ ಅದರ ಮೇಲೆ ಲೋರಾ ಎಂಬ ಚಿಕ್ಕ ಪೂರಕ ಫೈಲ್ ಸೇರಿಸಿದ್ದರೆ ಅದಕ್ಕೆ ಬೇರೆ ಲೈಸೆನ್ಸ್ ಇರಬಹುದು. ಎರಡೂ ಕಮರ್ಷಿಯಲ್ ಬಳಕೆಗೆ ಒಪ್ಪಬೇಕು.

ಈಗ ನಿಜವಾದ ತೊಡಕಿಗೆ ಬರೋಣ. ಸೈಟಿನವರು ‘ಚಿತ್ರ ನಿಮ್ಮದೇ’ ಅನ್ನಬಹುದು, ಆದರೆ ಅವರ ಹತ್ತಿರ ಇಲ್ಲದ ಹಕ್ಕನ್ನು ಅವರು ಹೇಗೆ ಕೊಡುತ್ತಾರೆ? ಅಮೆರಿಕದ ಕಾಪಿರೈಟ್ ಕಚೇರಿ 2023ರ ಫೆಬ್ರುವರಿಯಲ್ಲಿ ಒಂದು ಕಾಮಿಕ್ ಪುಸ್ತಕದ ವಿಚಾರದಲ್ಲಿ ತೀರ್ಮಾನ ಕೊಟ್ಟಿತು. ಬರಹಕ್ಕೂ, ಚಿತ್ರ-ಬರಹ ಜೋಡಿಸಿದ ರೀತಿಗೂ ಲೇಖಕಿಗೆ ಕಾಪಿರೈಟ್ ಉಂಟು, ಮಿಡ್‌ಜರ್ನಿ ಮಾಡಿದ ಬಿಡಿ ಚಿತ್ರಗಳಿಗೆ ಇಲ್ಲ ಅಂದಿತು. 2025ರ ಜನವರಿಯ ವರದಿಯಲ್ಲಿ ಅದೇ ಕಚೇರಿ ಇನ್ನೂ ಬಿಡಿಸಿ ಹೇಳಿತು: ಎಐಗೆ ಬರೀ ಪ್ರಾಂಪ್ಟ್, ಅಂದರೆ ಏನು ಬೇಕೆಂಬ ಸೂಚನೆ, ಬರೆದ ಮಾತ್ರಕ್ಕೆ ಲೇಖಕರಾಗುವುದಿಲ್ಲ. ಆದರೆ ಮನುಷ್ಯರು ಕೈಯಲ್ಲಿ ಬರೆದದ್ದು ಕೊನೆಯ ಚಿತ್ರದಲ್ಲಿ ಕಾಣುವಂತಿದ್ದರೆ, ಅಥವಾ ಎಐ ಕೊಟ್ಟದ್ದನ್ನು ಮನುಷ್ಯರು ಸಾಕಷ್ಟು ತಿದ್ದಿದ್ದರೆ, ಆ ಭಾಗಕ್ಕೆ ರಕ್ಷಣೆ ಸಿಗಬಹುದು. ಇದು ಒಂದು ದೇಶದ ಮಾತು. ಎಲ್ಲ ಕಡೆ ಕಾನೂನು ಹೀಗೇ ಇಲ್ಲ. ಆದರೂ ಮಾಲು ಎಲ್ಲಿಗೆ ಬೇಕಾದರೂ ಹೋಗುತ್ತದೆ ಅಂದಾಗ, ಕಡಿಮೆ ರಕ್ಷಣೆ ಸಿಗುವ ಜಾಗವನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದೇ ಕ್ಷೇಮ.

ಹಾಗಾದರೆ ಅಳಿಲನ್ನು ಬಿಟ್ಟುಬಿಡಬೇಕಾ? ಬೇಡ. ಈಗಿರುವ ಚಿತ್ರವನ್ನು ಕಚ್ಚಾ ನಕ್ಷೆ ಅಂದುಕೊಳ್ಳಿ. ಡಿಸೈನರ್ ಹೊಸ ಹಾಳೆಯಲ್ಲಿ ಅಳಿಲನ್ನು ಕೈಯಾರೆ ಬರೆಯಲಿ. ನಿಲ್ಲುವ ಭಂಗಿ, ಬಾಲದ ಸುರುಳಿ, ಕನ್ನಡಕದ ಆಕಾರ ಇವೆಲ್ಲ ಅವರದ್ದೇ ಆಯ್ಕೆಯಾಗಿರಲಿ. ಮೇಲೆ ಟ್ರೇಸಿಂಗ್ ಕಾಗದ ಇಟ್ಟು ಗೆರೆ ಎಳೆದರೆ ಪ್ರಯೋಜನವಿಲ್ಲ, ಅದರಲ್ಲಿ ಹೊಸದೇನೂ ಹುಟ್ಟುವುದಿಲ್ಲ. ಪೆನ್ಸಿಲ್ ಸ್ಕೆಚ್, ಲೇಯರ್ ಇರುವ ಫೈಲ್, ನಡುವಿನ ತಿದ್ದುಪಡಿಗಳು ಎಲ್ಲವನ್ನೂ ತಾರೀಕಿನೊಂದಿಗೆ ಜೋಪಾನ ಮಾಡಿ. ಕಾಪಿರೈಟ್ ನೋಂದಣಿಗೆ ಹೋದರೆ ಎಐ ಭಾಗ ಯಾವುದು ಅಂತ ಮುಚ್ಚಿಡಬೇಡಿ. ಅಮೆರಿಕದಲ್ಲಂತೂ ಅದು ತೀರಾ ಅಲ್ಪವಲ್ಲದಿದ್ದರೆ ಅರ್ಜಿಯಲ್ಲೇ ಹೇಳಬೇಕು.

ಟ್ರೇಡ್‌ಮಾರ್ಕ್ ಬೇರೆ ದಾರಿ. ಅಲ್ಲಿ ಚಿತ್ರ ಬರೆದವರು ಯಾರು ಅನ್ನುವುದಕ್ಕಿಂತ, ಅದನ್ನು ನೋಡಿದ ಗಿರಾಕಿಗೆ ನಿಮ್ಮ ಮಾಲು ಅಂತ ಗೊತ್ತಾಗುತ್ತದಾ ಅನ್ನುವುದು ಮುಖ್ಯ. ಕಾಪಿರೈಟ್ ಸಿಗದ ಗುರುತಿಗೂ ಟ್ರೇಡ್‌ಮಾರ್ಕ್ ಸಿಗುವುದುಂಟು. ಆದರೆ ಅದು ಸಾಮಾನ್ಯವಾಗಿ ನಿಮ್ಮ ಬಗೆಯ ಮಾಲಿಗೆ ಮಾತ್ರ ಕಾವಲು. ನೋಟ್‌ಬುಕ್ ಮತ್ತು ಕಾಗದದ ಸಾಮಾನು ಅಂತರರಾಷ್ಟ್ರೀಯ ನೀಸ್ ವರ್ಗೀಕರಣದಲ್ಲಿ 16ನೇ ವರ್ಗಕ್ಕೆ ಬರುತ್ತವೆ. ಆ ವರ್ಗದಲ್ಲಿ ಅಳಿಲಿನ ಗುರುತು ಈಗಾಗಲೇ ಯಾರಿಗಾದರೂ ಇದೆಯಾ ಅಂತ ನೋಂದಣಿ ಕಚೇರಿಯ ಪಟ್ಟಿಯಲ್ಲಿ ಹುಡುಕಿ. ಪದ ಹಾಕಿ ಹುಡುಕಿದರೆ ಸಾಲದು, ಚಿತ್ರದ ಗುರುತುಗಳನ್ನೂ ನೋಡಬೇಕು. ಗೂಗಲ್ ಲೆನ್ಸ್‌ನಂಥ ಚಿತ್ರ ಹುಡುಕಾಟವನ್ನೂ ಮಾಡಿ. ಡಿಸೈನರ್ ಬರೆದ ಪ್ರಾಂಪ್ಟ್ ಕೂಡ ಕೇಳಿ ನೋಡಿ. ಅದರಲ್ಲಿ ಯಾವುದಾದರೂ ಕಾರ್ಟೂನ್ ಪಾತ್ರದ ಅಥವಾ ಕಲಾವಿದರ ಹೆಸರಿದ್ದರೆ, ಇಲ್ಲವೇ ಬೇರೆಯವರ ಚಿತ್ರವನ್ನು ಮಾದರಿಯಾಗಿ ಕೊಟ್ಟಿದ್ದರೆ, ಆ ಅಳಿಲನ್ನು ನಕ್ಷೆಯಾಗಿಯೂ ಇಟ್ಟುಕೊಳ್ಳಬೇಡಿ.

ಇನ್ನು ‘ಎಐ ಚಿತ್ರ’ ಅಂತ ಬರೆಯುವ ವಿಚಾರ. ಕನ್ನಡಕ ಹಾಕಿದ ಅಳಿಲನ್ನು ಯಾರೂ ಫೋಟೋ ಅಂತ ನಂಬುವುದಿಲ್ಲ. ಯುರೋಪಿಯನ್ ಒಕ್ಕೂಟದ 2024ರ ಎಐ ಕಾಯ್ದೆ ಚಿತ್ರ ಬಳಸುವವರಿಂದ ಮುಖ್ಯವಾಗಿ ಕೇಳುವುದು, ನಿಜವಾದ ವ್ಯಕ್ತಿ, ವಸ್ತು, ಜಾಗ, ಘಟನೆಯಂತೆ ಕಂಡು ಅಸಲಿ ಅಂತ ಭ್ರಮೆ ಹುಟ್ಟಿಸುವ ಚಿತ್ರಗಳನ್ನು ಎಐ ಮಾಡಿದ್ದು ಅಂತ ತಿಳಿಸಿ ಎಂದು. ನಿಮ್ಮ ಅಳಿಲು ಆ ಸಾಲಿಗೆ ಬರುವುದಿಲ್ಲ. ಆದರೆ ನೀವು ಮಾರುವ ದೇಶದಲ್ಲಿ ಇದಕ್ಕಿಂತ ಬಿಗಿಯಾದ ನಿಯಮ ಇರಬಹುದು, ಜಾಹೀರಾತು ಹಾಕುವ ಆ್ಯಪ್‌ಗೂ ತನ್ನದೇ ನಿಯಮ ಇರಬಹುದು. ಅವೆರಡನ್ನೂ ಓದಿ. ನನಗೆ ಜಾಸ್ತಿ ಚಿಂತೆ ಇರುವುದು ನಿಮ್ಮ ಮುಂದಿನ ಹೆಜ್ಜೆಯ ಬಗ್ಗೆ. ನಾಳೆ ಅದೇ ಡಿಸೈನರ್ ನಿಮ್ಮ ನೋಟ್‌ಬುಕ್ ಹಿಡಿದು ನಗುವ ವಿದ್ಯಾರ್ಥಿಯನ್ನೋ, ನೀರು ಚೆಲ್ಲಿದರೂ ಶಾಯಿ ಹರಡದ ಹಾಳೆಯನ್ನೋ ಎಐನಲ್ಲಿ ಮಾಡಿಕೊಟ್ಟರೆ? ವಿದ್ಯಾರ್ಥಿಯ ಚಿತ್ರದ ಪಕ್ಕ ಎಐ ಅಂತ ಹಾಕಿ. ಹಾಳೆಯ ಚಿತ್ರವನ್ನು ಹಾಕಲೇಬೇಡಿ. ಅಲ್ಲಿ ಚಿತ್ರವೇ ಮಾಲಿನ ಗುಣದ ಸಾಕ್ಷಿ ಆಗಿಬಿಡುತ್ತದೆ. ಎಐ ಅಂತ ಬರೆದ ಮಾತ್ರಕ್ಕೆ ಸುಳ್ಳು ಸಾಕ್ಷಿ ಸರಿಹೋಗುವುದಿಲ್ಲ.

ರಟ್ಟಿನ ಮೇಲೆ ಬರೆಯದಿದ್ದರೂ ಫೈಲಿನೊಳಗೆ ಗುರುತು ಇರಲಿ. ಚಿತ್ರದ ವಿವರಗಳನ್ನು ಫೈಲಿನೊಳಗೇ ಬರೆದಿಡುವ ಐಪಿಟಿಸಿ ಮೆಟಾಡೇಟಾದಲ್ಲಿ ಇದಕ್ಕೆಂದೇ ಒಂದು ಜಾಗ ಇದೆ. ಪೂರ್ತಿ ಎಐ ಚಿತ್ರಕ್ಕೆ `trainedAlgorithmicMedia`, ಎಐ ಭಾಗ ಬೆರೆತ ಚಿತ್ರಕ್ಕೆ `compositeWithTrainedAlgorithmicMedia`. ನಿಮ್ಮ ಫೈಲಿನಲ್ಲಿ ಏನಿದೆ ಅಂತ ಮೆಟಾಡೇಟಾ ಓದುವ exiftool ಎಂಬ ಪ್ರೋಗ್ರಾಮಿನಿಂದ, ಕಂಪ್ಯೂಟರಿನ ಟರ್ಮಿನಲ್‌ನಲ್ಲಿ ಹೀಗೆ ನೋಡಬಹುದು:

```
exiftool -XMP-iptcExt:DigitalSourceType alilu.jpg
```

ಏನೂ ಬರಲಿಲ್ಲ ಅಂದರೆ ಎಐ ಬಳಸಿಲ್ಲ ಅಂತ ಅರ್ಥವಲ್ಲ. ಸ್ಕ್ರೀನ್‌ಶಾಟ್ ತೆಗೆದರೆ, ಮೆಸೇಜ್ ಆ್ಯಪ್‌ನಲ್ಲಿ ಕಳಿಸಿದರೆ ಈ ಮಾಹಿತಿ ಅಳಿಸಿಹೋಗಬಹುದು. ಆದ್ದರಿಂದ ಮೂಲ ಫೈಲನ್ನೇ ತರಿಸಿಕೊಳ್ಳಿ. ಸಹಿ ಮಾಡಿದ ಪತ್ರ ಮತ್ತು ಷರತ್ತಿನ ಪಿಡಿಎಫ್ ಕೂಡ ಅದರ ಜೊತೆಗೇ ಬರಲಿ. ಅವು ಕೈಗೆ ಬರುವ ತನಕ ರಟ್ಟನ್ನು ಪ್ರಿಂಟಿಗೆ ಕಳಿಸಬೇಡಿ.